ತೌಡು, ನುಚ್ಚು ಹೆಚ್ಚು ಕೊಟ್ಟರೆ ಹಾಲು ಹೆಚ್ಚುತ್ತದೆಯೇ? ಹಸುವಿನ ಹೊಟ್ಟೆಯಲ್ಲಿ ನಿಜವಾಗಿ ಆಗುವುದೇನು

ಹೈನುಗಾರರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇರುವವರಿಗೆ ಈ ಧಾಟಿಯ ಸಂದೇಶ ಹೊಸತಲ್ಲ. ದುಬಾರಿ ಫೀಡ್ ನಿಲ್ಲಿಸಿ, ನಾಳೆಯಿಂದಲೇ ಅಕ್ಕಿ ತೌಡು ಮತ್ತು ನುಚ್ಚು ಕೊಡಿ, ಮೂರೇ ದಿನದಲ್ಲಿ ಹಾಲು ಹೆಚ್ಚುತ್ತದೆ ಎನ್ನುತ್ತದೆ ಅದು. ಜೊತೆಗೆ ತುಂಬಿದ ಹಾಲಿನ ಕ್ಯಾನಿನ ಒಂದು ಫೋಟೊ, ಕೊನೆಗೆ ‘ಎಲ್ಲ ರೈತರಿಗೂ ತಲುಪಿಸಿ’ ಎಂಬ ಕೋರಿಕೆ.

ಈ ಸಂದೇಶ ಪೂರ್ತಿ ಸುಳ್ಳು ಎಂದು ಹೇಳಿಬಿಟ್ಟರೆ ಯಾರೂ ನಂಬುವುದಿಲ್ಲ. ಯಾಕೆಂದರೆ ಮಾಡಿ ನೋಡಿದವರಲ್ಲಿ ಹಲವರಿಗೆ ಮೂರನೇ ದಿನ ಹಾಲು ನಿಜವಾಗಿಯೂ ಹೆಚ್ಚಿರುತ್ತದೆ. ತೊಂದರೆ ಇರುವುದು ಅದರ ನಂತರದ ದಿನಗಳಲ್ಲಿ. ಕೆಲವು ಹಸುಗಳಿಗೆ ಸಗಣಿ ನೀರಾಗುತ್ತದೆ, ಡೇರಿಯಲ್ಲಿ ಫ್ಯಾಟ್ ಇಳಿಯುತ್ತದೆ. ಇನ್ನು ಕೆಲವು ಹಸುಗಳು ಮರುದಿನವೇ ಮೇವು ಬಿಟ್ಟು, ಎರಡು ದಿನದಲ್ಲಿ ನೆಲ ಹಿಡಿಯುತ್ತವೆ. 2024ರ ಜೂನ್‌ನಲ್ಲಿ ಕೇರಳದ ಕೊಲ್ಲಂ ಜಿಲ್ಲೆಯ ಒಂದು ಕೊಟ್ಟಿಗೆಯಲ್ಲಿ ಪರೋಟ ಮತ್ತು ಹಲಸಿನ ಹಣ್ಣು ಹೆಚ್ಚಾಗಿ ತಿಂದು ಐದು ಹಸುಗಳು ಸತ್ತ ಸುದ್ದಿ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಅಲ್ಲಿ ತೌಡು ಇರಲಿಲ್ಲ, ಆದರೆ ಹೊಟ್ಟೆಯೊಳಗೆ ನಡೆದದ್ದು ಇದೇ. ಇದಕ್ಕೆ ರೂಮೆನ್ ಅಸಿಡೋಸಿಸ್, ಅಂದರೆ ಹಸುವಿನ ಮೊದಲ ಹೊಟ್ಟೆ ಹುಳಿಯಾಗುವುದು ಎನ್ನುತ್ತಾರೆ.

ತೌಡು ವಿಷವಲ್ಲ, ಅಕ್ಕಿಯೂ ವಿಷವಲ್ಲ. ಎಷ್ಟು ಕೊಡುತ್ತೇವೆ, ಎಷ್ಟು ಬೇಗ ಬದಲಾಯಿಸುತ್ತೇವೆ, ಜೊತೆಗೆ ಹುಲ್ಲು ಎಷ್ಟಿದೆ ಎಂಬ ಮೂರು ಸಂಗತಿಗಳ ಮೇಲೆ ಎಲ್ಲವೂ ನಿಂತಿದೆ. ಅದು ಹೇಗೆ ಎಂದು ನೋಡೋಣ.

ಹಸು ತಿನ್ನುವುದು ತನಗಲ್ಲ, ಒಳಗಿರುವ ಜೀವಿಗಳಿಗೆ

ಹಸುವಿನ ಹೊಟ್ಟೆಯಲ್ಲಿ ನಾಲ್ಕು ಭಾಗಗಳಿವೆ. ಮೊದಲನೆಯದು ಮತ್ತು ಅತಿ ದೊಡ್ಡದು ರೂಮೆನ್. ಅದು ಎಡಮಗ್ಗುಲನ್ನು ಬಹುತೇಕ ತುಂಬಿಕೊಂಡಿರುತ್ತದೆ. ದೊಡ್ಡ ಸೀಮೆ ಹಸುವಿನಲ್ಲಿ ಅದು ನೂರು ಲೀಟರ್‌ಗೂ ಹೆಚ್ಚು ಹಿಡಿಯುವ ಒಂದು ಡ್ರಮ್ ಇದ್ದಂತೆ. ಹುಲ್ಲನ್ನು ಜೀರ್ಣಿಸುವ ಶಕ್ತಿ ಹಸುವಿಗೆ ಸ್ವಂತವಾಗಿ ಇಲ್ಲ. ಈ ಡ್ರಮ್‌ನಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲನ್ನು ಹುದುಗಿಸಿ ಒಡೆಯುತ್ತವೆ. ಆಗ ಹುಟ್ಟುವ ಮೃದು ಆಮ್ಲಗಳನ್ನು ರೂಮೆನ್ನಿನ ಗೋಡೆ ಹೀರಿಕೊಳ್ಳುತ್ತದೆ. ಹಸುವಿನ ಮೈಗೆ ಶಕ್ತಿ ಬರುವುದೂ, ಹಾಲಿನ ಕೊಬ್ಬು ತಯಾರಾಗುವುದೂ ಹೆಚ್ಚಾಗಿ ಈ ಆಮ್ಲಗಳಿಂದಲೇ.

ಅಂದರೆ ಆಮ್ಲ ಹುಟ್ಟುವುದು ರೋಗವಲ್ಲ, ಅದು ದಿನನಿತ್ಯದ ಕೆಲಸ. ಹುಟ್ಟುವ ಆಮ್ಲವನ್ನು ಹದದಲ್ಲಿ ಇಡುವ ವ್ಯವಸ್ಥೆಯೂ ಹಸುವಿನಲ್ಲೇ ಇದೆ. ಅದು ಜೊಲ್ಲು. ಚೆನ್ನಾಗಿ ಹುಲ್ಲು ತಿಂದು ಮೆಲುಕು ಹಾಕುವ ದೊಡ್ಡ ಹಸು ದಿನಕ್ಕೆ ನೂರು ಲೀಟರ್‌ಗೂ ಹೆಚ್ಚು ಜೊಲ್ಲು ಸುರಿಸಿ ನುಂಗುತ್ತದೆ. ನಾವು ಅಡುಗೆಗೆ ಬಳಸುವ ಸೋಡಾದ ಗುಣವೇ ಆ ಜೊಲ್ಲಿನಲ್ಲಿದೆ. ಒಂದು ದಿನದ ಜೊಲ್ಲಿನಲ್ಲಿರುವ ಆ ಲವಣಗಳನ್ನೆಲ್ಲ ಒಟ್ಟು ಮಾಡಿದರೆ ಒಂದು ಕಿಲೋಗೂ ಹೆಚ್ಚು ತೂಗುತ್ತದೆ. ಹಸು ತನ್ನ ಹೊಟ್ಟೆಗೆ ತಾನೇ ಪ್ರತಿದಿನ ಕಿಲೋಗಟ್ಟಲೆ ಸೋಡಾ ಹಾಕಿಕೊಳ್ಳುತ್ತದೆ ಎಂದರೂ ತಪ್ಪಲ್ಲ.

ಆದರೆ ಜೊಲ್ಲು ಹೆಚ್ಚಾಗಿ ಬರುವುದು ಅಗಿದಾಗ. ಉದ್ದನೆಯ ರಾಗಿ ಹುಲ್ಲನ್ನೋ ಭತ್ತದ ಹುಲ್ಲನ್ನೋ ಹಸು ಗಂಟೆಗಟ್ಟಲೆ ಅಗಿಯುತ್ತದೆ, ಮತ್ತೆ ಬಾಯಿಗೆ ತಂದುಕೊಂಡು ಮೆಲುಕು ಹಾಕುತ್ತದೆ. ತೌಡನ್ನಾಗಲಿ ಹಿಟ್ಟನ್ನಾಗಲಿ ಹಾಗೆ ಅಗಿಯುವುದಿಲ್ಲ. ಬಾನಿಗೆ ಬಾಯಿ ಹಾಕಿದರೆ ಕೆಲವೇ ನಿಮಿಷದಲ್ಲಿ ಕಿಲೋಗಟ್ಟಲೆ ಒಳಗೆ ಹೋಗಿಬಿಡುತ್ತದೆ. ಇಲ್ಲಿಂದಲೇ ಸಮಸ್ಯೆ ಶುರುವಾಗುತ್ತದೆ. ನುಚ್ಚು, ತೌಡು, ಹಿಟ್ಟಿನಲ್ಲಿರುವ ಪಿಷ್ಟ ಬೇಗ ಹುದುಗಿ, ಆಮ್ಲ ಒಮ್ಮೆಗೇ ಹೆಚ್ಚು ಹುಟ್ಟುತ್ತದೆ. ಅದೇ ಹೊತ್ತಿಗೆ ಆಮ್ಲವನ್ನು ತಣಿಸಬೇಕಾದ ಜೊಲ್ಲು ಕಡಿಮೆಯಾಗಿರುತ್ತದೆ.

ಹುಳಿ ಹೇಗೆ ಏರುತ್ತದೆ

ಹುಳಿಯನ್ನು ಅಳೆಯುವ ಮಾಪನ ಪಿಎಚ್. ಶುದ್ಧ ನೀರಿನದು 7, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಹುಲ್ಲು ತಿನ್ನುವ ಹಸುವಿನ ರೂಮೆನ್ 6ರಿಂದ 7ರ ನಡುವೆ ಇರುತ್ತದೆ. ಹುಲ್ಲು ಒಡೆಯುವ ಜೀವಿಗಳಿಗೆ ಹಿತವಾದದ್ದು ಈ ಮಟ್ಟ. ಅದು 6ಕ್ಕಿಂತ ಕೆಳಗಿಳಿದಂತೆ ಅವುಗಳ ಕೆಲಸ ನಿಧಾನವಾಗುತ್ತದೆ. ದಿನದಲ್ಲಿ ಹಲವು ಗಂಟೆ 5.5ರ ಆಸುಪಾಸಿನಲ್ಲೇ ಉಳಿದರೆ ಅದು ಒಳಗೊಳಗೇ ಇರುವ ಅಸಿಡೋಸಿಸ್. ಹೊರಗೆ ದೊಡ್ಡ ಲಕ್ಷಣ ಕಾಣುವುದಿಲ್ಲ, ಆದರೆ ಹಸು ಪೂರ್ತಿ ಸರಿಯಿರುವುದಿಲ್ಲ.

ಇನ್ನೂ ಪಿಷ್ಟ ಬಂದು ಬೀಳುತ್ತಿದ್ದರೆ ಆಟವೇ ಬದಲಾಗುತ್ತದೆ. ಪಿಷ್ಟ ತಿಂದು ವೇಗವಾಗಿ ಬೆಳೆಯುವ ಬೇರೆ ಬ್ಯಾಕ್ಟೀರಿಯಾಗಳು ಮೇಲುಗೈ ಸಾಧಿಸಿ ಲ್ಯಾಕ್ಟಿಕ್ ಆಮ್ಲ ತಯಾರಿಸತೊಡಗುತ್ತವೆ. ಹಾಲು ಮೊಸರಾಗುವಾಗ ಹುಟ್ಟುವುದೂ ಇದೇ ಆಮ್ಲ. ರೂಮೆನ್ನಿನ ಮಾಮೂಲಿ ಆಮ್ಲಗಳಿಗಿಂತ ಇದು ಹತ್ತು ಪಟ್ಟು ಪ್ರಬಲ. ಪಿಎಚ್ 5ಕ್ಕಿಂತ ಕೆಳಗೆ ಹೋದ ಮೇಲೆ ಹುಲ್ಲು ಒಡೆಯುವ ಜೀವಿಗಳು ಸಾಯುತ್ತವೆ, ಹುಳಿಯನ್ನೇ ಇಷ್ಟಪಡುವ ಬ್ಯಾಕ್ಟೀರಿಯಾಗಳು ಉಳಿದು ಇನ್ನಷ್ಟು ಹುಳಿ ಮಾಡುತ್ತವೆ. 6.5ರಿಂದ 4.5ಕ್ಕೆ ಇಳಿಯುವುದೆಂದರೆ ಎರಡೇ ಅಂಕಿ ಎನಿಸಬಹುದು. ಪಿಎಚ್ ಲೆಕ್ಕದಲ್ಲಿ ಅದು ನೂರು ಪಟ್ಟು ಹೆಚ್ಚು ಹುಳಿ.

ಆಮೇಲೆ ಆಗುವುದು ಎರಡು. ಗಟ್ಟಿ ಸಕ್ಕರೆ ಪಾಕದಲ್ಲಿ ಹಾಕಿದ ಹಣ್ಣಿನ ಹೋಳಿನಿಂದ ನೀರು ಹೊರಗೆ ಬರುವ ಹಾಗೆ, ಮೈಯಲ್ಲಿರುವ ನೀರು ರೂಮೆನ್ನಿನೊಳಗೆ ಸೆಳೆದುಕೊಳ್ಳುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿ ಕುಲುಕಾಡುತ್ತಿದ್ದರೂ ಹಸುವಿನ ರಕ್ತದಲ್ಲಿ ನೀರು ಸಾಲದೆ ಕಣ್ಣು ಗುಳಿ ಬೀಳುತ್ತದೆ. ಇನ್ನೊಂದು ಕಡೆ ಹುಳಿ ರೂಮೆನ್ನಿನ ಗೋಡೆಯನ್ನು ಸುಡುತ್ತದೆ, ರಕ್ತಕ್ಕೂ ಸೇರುತ್ತದೆ. ಗೋಡೆಯ ಗಾಯದಿಂದ ನುಸುಳಿದ ಬ್ಯಾಕ್ಟೀರಿಯಾ ಯಕೃತ್ತಿಗೆ ಹೋಗಿ ಕೀವಿನ ಗಂಟುಗಳಾಗಬಹುದು. ಬದುಕಿ ಉಳಿದ ಕೆಲವು ಹಸುಗಳು ವಾರಗಳ ನಂತರ ಗೊರಸು ನೋವಿನಿಂದ ಕುಂಟುವುದೂ ಇದರ ಮುಂದುವರಿಕೆಯೇ.

ಮೂರನೇ ದಿನ ಹಾಲು ಹೆಚ್ಚುವುದು ಯಾಕೆ?

ಫಾರ್ವರ್ಡ್ ನಂಬಿಕೆ ಗಳಿಸುವುದು ಇಲ್ಲೇ. ಪಿಷ್ಟ ಹುದುಗಿದಾಗ ಹುಟ್ಟುವ ಒಂದು ಆಮ್ಲವನ್ನು ಹಸುವಿನ ಯಕೃತ್ತು ಸಕ್ಕರೆಯಾಗಿ ಬದಲಿಸುತ್ತದೆ. ಹಾಲಿನ ಪ್ರಮಾಣವನ್ನು ನಿರ್ಧರಿಸುವುದು ಹಾಲಿನೊಳಗಿನ ಸಕ್ಕರೆ. ಹಾಗಾಗಿ ಮೊದಲೆರಡು ಮೂರು ದಿನ ಕ್ಯಾನಿನಲ್ಲಿ ಹಾಲು ಏರುವುದು ಸಹಜ. ಹಾಲಿನ ಕೊಬ್ಬು ಮಾತ್ರ ಹೆಚ್ಚಾಗಿ ಹುಲ್ಲು ಹುದುಗಿದಾಗ ಹುಟ್ಟುವ ಆಮ್ಲದಿಂದ ಆಗುವಂಥದ್ದು. ಹುಲ್ಲು ಕಡಿಮೆಯಾಗಿ, ಅದನ್ನು ಒಡೆಯುವ ಜೀವಿಗಳೂ ಸೊರಗಿದಾಗ ಕೊಬ್ಬು ಇಳಿಯುತ್ತದೆ. ಎಣ್ಣೆ ತೆಗೆಯದ ಅಕ್ಕಿ ತೌಡಿನಲ್ಲಿ ನೂರಕ್ಕೆ ಹನ್ನೆರಡರಿಂದ ಹದಿನೆಂಟು ಪಾಲು ಎಣ್ಣೆಯೇ ಇರುತ್ತದೆ. ಈ ಎಣ್ಣೆ ಹೆಚ್ಚಾದರೂ ಹುಲ್ಲು ಒಡೆಯುವ ಜೀವಿಗಳಿಗೆ ಅಡ್ಡಿ, ಹಾಲಿನ ಕೊಬ್ಬಿಗೂ ಪೆಟ್ಟು.

ಒಂದು ಲೆಕ್ಕ ಮಾಡಿ ನೋಡಿ. ಮೊದಲು ಹತ್ತು ಲೀಟರ್ ಹಾಲು, ಫ್ಯಾಟ್ 3.8 ಇತ್ತು ಎನ್ನಿ. ಆಗ ಡೇರಿಗೆ ಹೋದ ಕೊಬ್ಬು ಸುಮಾರು 380 ಗ್ರಾಂ. ಈಗ ಹನ್ನೊಂದು ಲೀಟರ್ ಹಾಲು, ಫ್ಯಾಟ್ 3.1 ಆಗಿದೆ. ಕೊಬ್ಬು ಸುಮಾರು 340 ಗ್ರಾಂ. ಕ್ಯಾನಿನಲ್ಲಿ ಒಂದು ಲೀಟರ್ ಹೆಚ್ಚಿದ್ದರೂ ಕೊಬ್ಬು ಕಡಿಮೆಯಾಗಿದೆ. ಫ್ಯಾಟ್ ನೋಡಿ ದರ ಕೊಡುವ ಕಡೆ ಇದು ಬಟವಾಡೆ ದಿನ ಗೊತ್ತಾಗುತ್ತದೆ. ಫಾರ್ವರ್ಡ್‌ನ ಫೋಟೊದಲ್ಲಿ ಕ್ಯಾನು ಕಾಣುತ್ತದೆ, ಫ್ಯಾಟ್ ಚೀಟಿ ಕಾಣುವುದಿಲ್ಲ.

ಒಂದು ಕೊಟ್ಟಿಗೆಯ ಕಥೆ

ವಿಷಯ ಸ್ಪಷ್ಟವಾಗಲೆಂದು ಒಂದು ಸನ್ನಿವೇಶ ಕಲ್ಪಿಸಿಕೊಳ್ಳೋಣ. ಇಂಥದ್ದು ಯಾವ ಊರಿನಲ್ಲಾದರೂ ನಡೆಯಬಹುದು. ಸುಮಾರು 400 ಕಿಲೋ ತೂಕದ ಮಿಶ್ರತಳಿ ಹಸು, ದಿನಕ್ಕೆ ಹತ್ತು ಲೀಟರ್ ಹಾಲು. ಎರಡೂ ಹೊತ್ತು ಸೇರಿ ಐದೂವರೆ ಕಿಲೋ ಫೀಡ್ ಕೊಡುತ್ತಿದ್ದಾರೆ. ಶನಿವಾರ ಫೀಡ್ ಮುಗಿಯಿತು. ಅಕ್ಕಿ ಗಿರಣಿಯಿಂದ ಒಂದು ಚೀಲ ತೌಡು, ಒಂದು ಚೀಲ ನುಚ್ಚು ಕಡಿಮೆ ಬೆಲೆಗೆ ಸಿಕ್ಕಿತು. ಫೀಡ್ ಅಳೆಯುತ್ತಿದ್ದ ಅದೇ ಡಬ್ಬಿಯಲ್ಲಿ, ಅದೇ ಲೆಕ್ಕದಲ್ಲಿ, ಭಾನುವಾರ ಸಂಜೆ ನುಚ್ಚನ್ನು ಬೇಯಿಸಿ ತೌಡು ಕಲಸಿ ಇಟ್ಟರು. ಮಳೆ ಬಂದಿದ್ದರಿಂದ ಹುಲ್ಲು ತರುವುದಾಗಲಿಲ್ಲ, ಬೆಳಗ್ಗೆ ಉಳಿದಿದ್ದ ಒಂದು ಹಿಡಿ ಹಾಕಿದರು.

ಇಲ್ಲಿ ಒಂದೇ ಸಂಜೆ ನಾಲ್ಕು ತಪ್ಪು ಸೇರಿವೆ. ಆಹಾರ ಒಂದೇ ದಿನದಲ್ಲಿ ಪೂರ್ತಿ ಬದಲಾಯಿತು. ಹುಲ್ಲು ಇರಲಿಲ್ಲ. ನುಚ್ಚು ಬೇಯಿಸಿದ್ದರಿಂದ ಅದರ ಪಿಷ್ಟ ಇನ್ನೂ ಬೇಗ ಹುದುಗುವಂತಾಯಿತು. ಇಡೀ ಭತ್ತಕ್ಕಿಂತ ನುಚ್ಚು, ನುಚ್ಚಿಗಿಂತ ಹಿಟ್ಟು ಅಥವಾ ಅನ್ನ ಬೇಗ ಹುದುಗುತ್ತದೆ. ನಾಲ್ಕನೆಯದು ಅಷ್ಟಾಗಿ ಯಾರೂ ಗಮನಿಸದ ತಪ್ಪು, ಡಬ್ಬಿಯ ಅಳತೆ. ತೌಡು ಹಗುರ, ನುಚ್ಚು ಭಾರ. ಒಂದೇ ಡಬ್ಬಿಯಲ್ಲಿ ತುಂಬಿದರೆ ನುಚ್ಚಿನ ತೂಕ ತೌಡಿನ ಎರಡರಷ್ಟು ಇರುತ್ತದೆ. ಒಂದು ಕಿಲೋ ಫೀಡ್ ಹಿಡಿಯುವ ಡಬ್ಬಿಯಲ್ಲಿ ನುಚ್ಚು ಒಂದು ಕಿಲೋಗಿಂತ ಹೆಚ್ಚೇ ಬರುತ್ತದೆ. ಮನೆಯವರಿಗೆ ತಾವು ಮೊದಲಿನಷ್ಟೇ ಕೊಟ್ಟೆವು ಎನಿಸುತ್ತದೆ.

ಭಾನುವಾರ ರಾತ್ರಿ ಮಲಗುವ ಹೊತ್ತಿಗೆ ಹಸು ಚೆನ್ನಾಗಿಯೇ ಇರುತ್ತದೆ. ಸೋಮವಾರ ಬೆಳಗ್ಗೆ ಹಾಲು ಅರ್ಧಕ್ಕೆ ಇಳಿದಿದೆ. ಹುಲ್ಲು ಹಾಕಿದರೆ ಮೂಸಿ ಬಿಡುತ್ತದೆ, ಮೆಲುಕು ನಿಂತಿದೆ, ಹಲ್ಲು ಕಡಿಯುತ್ತದೆ. ಎಡ ಹೊಟ್ಟೆ ತುಂಬಿದಂತಿದೆ, ಆದರೆ ಕೈಯಿಟ್ಟರೆ ಎಂದಿನ ಅಲುಗಾಟ ತಿಳಿಯುವುದಿಲ್ಲ. ಒತ್ತಿ ಬಿಟ್ಟರೆ ಒಳಗೆ ನೀರು ಕುಲುಕಿದ ಸದ್ದು ಬರುತ್ತದೆ. ಸಂಜೆಯ ಹೊತ್ತಿಗೆ ಸಗಣಿ ತೆಳ್ಳಗೆ, ಬೂದು ಹಳದಿ ಬಣ್ಣಕ್ಕೆ ತಿರುಗಿದೆ, ಹುಳಿ ವಾಸನೆ ಇದೆ, ಅದರಲ್ಲಿ ಜೀರ್ಣವಾಗದ ನುಚ್ಚು ಕಾಣುತ್ತದೆ. ಮಂಗಳವಾರ ಬೆಳಗ್ಗೆ ಹಸು ಕುಡಿದವರ ಹಾಗೆ ತೂರಾಡುತ್ತದೆ, ಕಣ್ಣು ಒಳಗೆ ಹೋಗಿದೆ. ಕೊನೆಗೆ ತಲೆಯನ್ನು ಪಕ್ಕೆಯ ಮೇಲೆ ಇಟ್ಟುಕೊಂಡು ಮಲಗುತ್ತದೆ, ಎಬ್ಬಿಸಿದರೂ ಏಳುವುದಿಲ್ಲ.

ಈ ಭಂಗಿ ಕರು ಹಾಕಿದ ಹಸುಗಳಿಗೆ ಬರುವ ಹಾಲುಜ್ವರದಂತೆಯೇ ಕಾಣುತ್ತದೆ. ಹಾಲುಜ್ವರಕ್ಕೆ ಬೇಕಾದದ್ದು ಕ್ಯಾಲ್ಸಿಯಂ, ಇದರ ಮುಖ್ಯ ಚಿಕಿತ್ಸೆ ಬೇರೆಯೇ. ಹಾಗಾಗಿ ಪಶುವೈದ್ಯರು ಬಂದಾಗ ಹಸು ಏನು ತಿಂದಿದೆ, ಎಷ್ಟು ಹೊತ್ತಿಗೆ, ಎಷ್ಟು ಕಿಲೋ ಎಂಬುದನ್ನು ಮುಚ್ಚಿಡದೆ ಹೇಳಬೇಕು. ‘ನಾವೇನೂ ಹೊಸದು ಕೊಟ್ಟಿಲ್ಲ’ ಎಂದು ಮುಜುಗರಕ್ಕೆ ಹೇಳುವ ಮಾತು ಇಲ್ಲಿ ಹಸುವಿನ ಜೀವಕ್ಕೆ ತರಬಹುದು. ಬಾನಿಯಲ್ಲಿ ಉಳಿದದ್ದಿದ್ದರೆ ತೋರಿಸಿ.

ಸೋಮವಾರ ಬೆಳಗ್ಗೆಯೇ ವೈದ್ಯರನ್ನು ಕರೆದಿದ್ದರೆ ಉಳಿಯುವ ಸಾಧ್ಯತೆ ಹೆಚ್ಚಿತ್ತು. ಮಂಗಳವಾರದ ಹೊತ್ತಿಗೆ ಅದು ಬಹಳ ಕಡಿಮೆಯಾಗಿರುತ್ತದೆ. ಒಂದು ವೇಳೆ ಹಸು ಹಗ್ಗ ಬಿಚ್ಚಿಕೊಂಡು ಹೋಗಿ ರಾಗಿ ಹಿಟ್ಟಿನ ಚೀಲಕ್ಕೋ ಜೋಳದ ರಾಶಿಗೋ ಬಾಯಿ ಹಾಕಿದ್ದು ಕಂಡರೆ, ಲಕ್ಷಣ ಬರುವವರೆಗೆ ಕಾಯಬೇಡಿ. ತಿಂದ ಕೆಲವೇ ಗಂಟೆಗಳಲ್ಲಿ ಚಿಕಿತ್ಸೆ ಸುಲಭ, ಅಗತ್ಯಬಿದ್ದರೆ ರೂಮೆನ್ ತೆರೆದು ಒಳಗಿರುವುದನ್ನು ತೆಗೆಯುವುದಕ್ಕೂ ಸಮಯವಿರುತ್ತದೆ.

ವೈದ್ಯರು ಬರುವವರೆಗೆ

ಮೊದಲು ಬಾನಿ ತೆಗೆಯಿರಿ. ಫೀಡ್, ತೌಡು, ಹಿಂಡಿ ಯಾವುದೂ ಬೇಡ. ಒಣ ಹುಲ್ಲನ್ನು ಮಾತ್ರ ಮುಂದಿಡಿ, ತಿಂದರೆ ತಿನ್ನಲಿ. ಹೆಚ್ಚು ಕಾಳು ತಿಂದ ಹಸು ಒಂದೇ ಉಸಿರಿಗೆ ಬಕೆಟ್‌ಗಟ್ಟಲೆ ನೀರು ಕುಡಿಯಲು ಬಿಡಬೇಡಿ. ನೀರು ಎಷ್ಟು, ಯಾವಾಗ ಎಂಬುದನ್ನು ಫೋನಿನಲ್ಲೇ ವೈದ್ಯರನ್ನು ಕೇಳಿ. ನಿಂತಿರುವ ಹಸುವನ್ನು ಆಗಾಗ ನಿಧಾನವಾಗಿ ನಡೆಸಬಹುದು. ಹತ್ತಿರ ಪಶು ಆಸ್ಪತ್ರೆ ಇಲ್ಲದಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಶುಲ್ಕರಹಿತ ಸಂಖ್ಯೆ 1962ಕ್ಕೆ ಕರೆ ಮಾಡಿ.

ಇನ್ನು ಗುಂಪುಗಳಲ್ಲಿ ಓಡಾಡುವ ಮನೆಮದ್ದುಗಳ ಬಗ್ಗೆ. ಬೆಲ್ಲದ ನೀರು ಕುಡಿಸಿ ಎನ್ನುವವರಿದ್ದಾರೆ. ಬೆಲ್ಲ ಸಕ್ಕರೆಯೇ. ಹುಳಿ ಮಾಡುವ ಬ್ಯಾಕ್ಟೀರಿಯಾಗಳಿಗೆ ಅದು ಇನ್ನೊಂದು ಊಟ. ಹುಳಿ ಮಜ್ಜಿಗೆಯಲ್ಲಿರುವುದು ಲ್ಯಾಕ್ಟಿಕ್ ಆಮ್ಲವೇ, ಹೊಟ್ಟೆಯಲ್ಲಿ ಈಗಾಗಲೇ ತುಂಬಿರುವುದೂ ಅದೇ. ಎಣ್ಣೆ ಕುಡಿಸುವ ರೂಢಿ ಹೊಟ್ಟೆಯಲ್ಲಿ ನೊರೆ ಕಟ್ಟಿ ಉಬ್ಬರಿಸಿದಾಗಿನದು, ಹುಳಿಯನ್ನು ಅದು ಇಳಿಸುವುದಿಲ್ಲ.

ಅಡುಗೆ ಸೋಡಾ ಮಾತ್ರ ಪೂರ್ತಿ ತಪ್ಪು ಕಲ್ಪನೆಯಲ್ಲ. ಚಿಕಿತ್ಸೆಯಲ್ಲಿ ವೈದ್ಯರೂ ಅದನ್ನು ಬಳಸುತ್ತಾರೆ, ಹೆಚ್ಚಾಗಿ ರಕ್ತನಾಳದ ಮೂಲಕ, ಹಸುವಿನ ಸ್ಥಿತಿ ನೋಡಿ ಪ್ರಮಾಣ ನಿರ್ಧರಿಸಿ. ಮನೆಯಲ್ಲಿ ಎರಡು ಚಮಚ ಹಾಕಿದರೆ, ದಿನಕ್ಕೆ ಕಿಲೋಗಟ್ಟಲೆ ಸೋಡಾ ಕೇಳುವ ಹೊಟ್ಟೆಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಹೆಚ್ಚು ಹಾಕಿದರೆ ಹುಳಿಯೊಂದಿಗೆ ಸೇರಿ ಅನಿಲ ಏಳುತ್ತದೆ, ಅಲುಗಾಟ ನಿಂತ ಹೊಟ್ಟೆಯಿಂದ ಆ ಅನಿಲ ಹೊರಬರದೆ ಹೊಟ್ಟೆ ಉಬ್ಬುತ್ತದೆ. ಎಲ್ಲಕ್ಕಿಂತ ದೊಡ್ಡ ಅಪಾಯ ಕುಡಿಸುವ ರೀತಿಯದು. ನಿತ್ರಾಣಗೊಂಡ ಹಸುವಿನ ತಲೆ ಎತ್ತಿ ಗೊಟ್ಟದಲ್ಲೋ ಬಾಟಲಿಯಲ್ಲೋ ಸುರಿದದ್ದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ. ಹುಳಿಯಿಂದ ಪಾರಾದ ಹಸು ಇದರಿಂದ ಸಾಯಬಹುದು.

ತೌಡನ್ನು ಬಳಸಲೇಬಾರದೇ?

ಬಳಸಬಹುದು. ಅದು ಒಳ್ಳೆಯ, ಅಗ್ಗದ ಪದಾರ್ಥ. ಆದರೆ ದಾಣಿಯ ಒಂದು ಭಾಗವಾಗಿ, ಇಡೀ ದಾಣಿಯಾಗಿ ಅಲ್ಲ. ಮೇಲಿನ ಹಸುವಿಗೆ ಸರಿಯಾದ ಲೆಕ್ಕ ಹೇಗಿರುತ್ತದೆ ನೋಡೋಣ.

ಸಾಮಾನ್ಯ ನಿಯಮದ ಪ್ರಕಾರ ಹಸುವಿನ ಮೈಗಾವಲಿಗೆ ಒಂದೂವರೆ ಕಿಲೋ, ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ದಾಣಿ. ಹತ್ತು ಲೀಟರ್ ಹಾಲಿಗೆ ನಾಲ್ಕು ಕಿಲೋ, ಒಟ್ಟು ಐದೂವರೆ ಕಿಲೋ. ಇಷ್ಟು ದಾಣಿ ತಿನ್ನುವ ಹಸುವಿಗೆ ದಿನಕ್ಕೆ ಸುಮಾರು 20 ಕಿಲೋ ಹಸಿಮೇವು ಮತ್ತು ಮೂರೂವರೆಯಿಂದ ನಾಲ್ಕು ಕಿಲೋ ಒಣ ಹುಲ್ಲು ಬೇಕು. ಹಸಿಮೇವಿನ ತೂಕದಲ್ಲಿ ಬಹುಪಾಲು ನೀರು. ನೀರನ್ನು ಬಿಟ್ಟು ಲೆಕ್ಕ ಹಾಕಿದರೆ ಹಸು ತಿನ್ನುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಹುಲ್ಲೇ ಆಗಿರಬೇಕು ಎಂಬುದು ಇದರ ಹಿಂದಿನ ವಿಚಾರ. ಹುಲ್ಲು ಇಲ್ಲದ ದಿನ ದಾಣಿ ಹೆಚ್ಚಿಸಿ ಸರಿದೂಗಿಸುವುದು ಸಾಧ್ಯವಿಲ್ಲ. ಅಂಥ ದಿನ ದಾಣಿಯನ್ನೂ ಕಡಿಮೆ ಮಾಡಿ, ಹಾಲು ಒಂದೆರಡು ಲೀಟರ್ ಇಳಿದರೂ ಪರವಾಗಿಲ್ಲ ಎನ್ನುವುದೇ ಜಾಣತನ.

ಈ ಐದೂವರೆ ಕಿಲೋದಲ್ಲಿ ತೌಡಿನ ಪಾಲು ಸುಮಾರು ಐದನೇ ಒಂದು ಭಾಗ, ಅಂದರೆ ಒಂದು ಕಿಲೋ ಇದ್ದರೆ ಸಾಕು. ಕೊಂಡು ತರುವ ಫೀಡ್‌ನಲ್ಲಿ ಈಗಾಗಲೇ ತೌಡು ಇರುವುದು ಸಾಮಾನ್ಯ ಎಂಬುದೂ ನೆನಪಿರಲಿ. ಎಣ್ಣೆ ತೆಗೆಯದ ತೌಡು ಬೇಗ ಕಮಟು ಹಿಡಿಯುತ್ತದೆ, ಹಾಗಾಗಿ ಅಗ್ಗ ಎಂದು ತಿಂಗಳಿಗಾಗುವಷ್ಟು ಒಟ್ಟಿಗೆ ತಂದಿಡಬೇಡಿ. ಮೂಸಿ ನೋಡಿ, ಹಳೇ ಎಣ್ಣೆಯ ವಾಸನೆ ಬಂದರೆ ಬೇಡ.

ಹನ್ನೆರಡು ದಿನದ ಬದಲಾವಣೆ

ರೂಮೆನ್ನಿನ ಜೀವಿಗಳು ಹೊಸ ಆಹಾರಕ್ಕೆ ಹೊಂದಿಕೊಳ್ಳಲು ಸುಮಾರು ಎರಡು ವಾರ ಬೇಕು. ಆಮ್ಲ ಹೀರಿಕೊಳ್ಳುವ ರೂಮೆನ್ನಿನ ಗೋಡೆ ಬಲಗೊಳ್ಳಲು ಇನ್ನೂ ಕೆಲವು ವಾರ ಹಿಡಿಯುತ್ತದೆ. ಆದ್ದರಿಂದ ಬದಲಾವಣೆ ಮೆಟ್ಟಿಲು ಮೆಟ್ಟಿಲಾಗಿ ಇರಬೇಕು. ಐದೂವರೆ ಕಿಲೋ ಫೀಡ್‌ನಲ್ಲಿ ಒಂದು ಕಿಲೋವನ್ನು ತೌಡಿಗೆ ಬದಲಾಯಿಸಬೇಕು ಎಂದಿಟ್ಟುಕೊಳ್ಳಿ.

- 1ರಿಂದ 3ನೇ ದಿನ: ಕಾಲು ಕಿಲೋ ಫೀಡ್ ತೆಗೆದು, ಕಾಲು ಕಿಲೋ ತೌಡು ಸೇರಿಸಿ.
- 4ರಿಂದ 6ನೇ ದಿನ: ಅರ್ಧ ಕಿಲೋ ತೌಡು, ಐದು ಕಿಲೋ ಫೀಡ್.
- 7ರಿಂದ 9ನೇ ದಿನ: ಮುಕ್ಕಾಲು ಕಿಲೋ ತೌಡು, ನಾಲ್ಕು ಮುಕ್ಕಾಲು ಕಿಲೋ ಫೀಡ್.
- 10ನೇ ದಿನದಿಂದ: ಒಂದು ಕಿಲೋ ತೌಡು, ನಾಲ್ಕೂವರೆ ಕಿಲೋ ಫೀಡ್. 12ನೇ ದಿನದವರೆಗೆ ಗಮನಿಸಿ, ಸರಿಯಿದ್ದರೆ ಹಾಗೇ ಮುಂದುವರಿಸಿ.

ತೆಗೆದಷ್ಟೇ ಸೇರಿಸುವುದು ಇಲ್ಲಿ ಮುಖ್ಯ. ಫೀಡ್ ಹಾಗೇ ಇಟ್ಟು ಅದರ ಮೇಲೆ ತೌಡು ಹಾಕುತ್ತಾ ಹೋಗುವುದು ಬದಲಾವಣೆಯಲ್ಲ, ಹೆಚ್ಚಳ. ಡಬ್ಬಿಯನ್ನು ನಂಬದೆ ಮೊದಲ ದಿನ ಒಂದು ಸಲ ತಕ್ಕಡಿಯಲ್ಲಿ ತೂಗಿ, ಪ್ರತಿ ಪದಾರ್ಥಕ್ಕೂ ಡಬ್ಬಿಯ ಒಳಗೆ ಬೇರೆ ಬೇರೆ ಗುರುತು ಹಾಕಿಕೊಳ್ಳಿ.

ಹುಲ್ಲು ಮೊದಲು, ದಾಣಿ ಆಮೇಲೆ. ಖಾಲಿ ಹೊಟ್ಟೆಗೆ ದಾಣಿ ಬಿದ್ದರೆ ಹುಳಿ ಬೇಗ ಏರುತ್ತದೆ. ಒಂದು ಹೊತ್ತಿಗೆ ಎರಡರಿಂದ ಎರಡೂವರೆ ಕಿಲೋ ದಾಣಿ ಮೀರದಂತೆ ಹಂಚಿ. ಐದೂವರೆ ಕಿಲೋ ಕೊಡಬೇಕಿದ್ದರೆ ಎರಡು ಹೊತ್ತಿನ ಬದಲು ಮೂರು ಹೊತ್ತು ಕೊಡುವುದು ಒಳ್ಳೆಯದು. ಬೆಳಗ್ಗೆ ತಪ್ಪಿಹೋಯಿತೆಂದು ಸಂಜೆ ಎರಡರಷ್ಟು ಹಾಕಬೇಡಿ. ಯಂತ್ರದಲ್ಲಿ ಹುಲ್ಲು ಕತ್ತರಿಸುವವರು ಒಂದೆರಡು ಅಂಗುಲದ ತುಂಡು ಮಾಡಿದರೆ ಸಾಕು. ಪುಡಿ ಮಾಡಿದರೆ ಹಸು ಅಗಿಯುವುದಿಲ್ಲ, ಹುಲ್ಲು ಕೊಟ್ಟೂ ಕೊಡದಂತೆ.

ಇದೇ ಎಚ್ಚರಿಕೆ ಕರು ಹಾಕುವ ಸಮಯದಲ್ಲಿ ಇನ್ನೂ ಹೆಚ್ಚು ಬೇಕು. ಬತ್ತಿದ ಹಸುವಿಗೆ ದಾಣಿ ಕಡಿಮೆ ಇರುತ್ತದೆ. ಕರು ಹಾಕಿದ ಮರುದಿನವೇ ಹಾಲಿನ ಆಸೆಗೆ ಆರೇಳು ಕಿಲೋ ಸುರಿದರೆ ಅದನ್ನು ತಾಳುವ ಜೀವಿಗಳು ಒಳಗೆ ಇನ್ನೂ ಬೆಳೆದಿರುವುದಿಲ್ಲ. ಕರು ಹಾಕುವ ಎರಡು ಮೂರು ವಾರ ಮೊದಲೇ ಸ್ವಲ್ಪ ಸ್ವಲ್ಪವಾಗಿ ದಾಣಿಗೆ ಹೊಂದಿಸಿ, ಕರು ಹಾಕಿದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಅರ್ಧ ಕಿಲೋದಂತೆ ಏರಿಸಬೇಕು. ಕಾಯಿಲೆಯಿಂದ ಕೆಲವು ದಿನ ಮೇವು ಬಿಟ್ಟ ಹಸುವಿಗೂ ಮೊದಲು ಹುಲ್ಲು, ನಂತರ ನಿಧಾನವಾಗಿ ದಾಣಿ.

ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಮನೆಯಲ್ಲಿ ರೂಮೆನ್ನಿನ ಪಿಎಚ್ ಅಳೆಯಲು ಆಗುವುದಿಲ್ಲ. ಆದರೆ ಮೂರು ಸಂಗತಿಗಳನ್ನು ಯಾರೂ ನೋಡಬಹುದು.

ಮೊದಲನೆಯದು ಮೆಲುಕು. ತಿಂದು ಮಲಗಿದ ಹಸು ಆರಾಮವಾಗಿ ಮೆಲುಕು ಹಾಕುತ್ತಿರಬೇಕು. ಒಂದು ಉಂಡೆ ಬಾಯಿಗೆ ಬಂದಾಗಿನಿಂದ ನುಂಗುವವರೆಗೆ ಸಾಮಾನ್ಯವಾಗಿ ಐವತ್ತರ ಮೇಲೆ ಸಲ ಅಗಿಯುತ್ತದೆ. ಎಣಿಸಿ ನೋಡಿ. ಮೊದಲಿಗಿಂತ ಬಹಳ ಕಡಿಮೆಯಾಗಿದ್ದರೆ, ಅಥವಾ ಮೆಲುಕೇ ಅಪರೂಪವಾಗಿದ್ದರೆ ಹುಲ್ಲು ಸಾಲುತ್ತಿಲ್ಲ. ಎರಡನೆಯದು ಸಗಣಿ. ಅದು ನೆಲಕ್ಕೆ ಬಿದ್ದಾಗ ಗುಪ್ಪೆಯಾಗಿ ನಿಲ್ಲಬೇಕು. ನೀರಾಗಿ ಹರಡಿ, ನೊರೆ ಅಥವಾ ಗುಳ್ಳೆ ಇದ್ದು, ಕಾಳಿನ ಚೂರು ಕಂಡರೆ ಅನುಮಾನ ಪಡಿ. ಮೂರನೆಯದು ಡೇರಿಯ ಚೀಟಿ. ಹಾಲಿನ ಜೊತೆ ಫ್ಯಾಟ್ ಕೂಡ ಬರೆದಿಟ್ಟುಕೊಳ್ಳಿ. ಹಾಲು ಏರಿ ಫ್ಯಾಟ್ ಒಂದೇ ಸಮನೆ ಇಳಿಯುತ್ತಿದ್ದರೆ ಅದು ಎಚ್ಚರಿಕೆ.

ಇವುಗಳಲ್ಲಿ ಯಾವುದೇ ಒಂದು ಕಂಡರೆ ಹಿಂದಿನ ಮೆಟ್ಟಿಲಿಗೆ ಇಳಿದು ಮೂರು ದಿನ ಅಲ್ಲೇ ನಿಲ್ಲಿ. ಸರಿಹೋದರೆ ಮತ್ತೆ ಏರಿ. ತೆಳು ಸಗಣಿಗೆ ಜಂತುಹುಳು, ಎಳೆಯ ಹಸಿಮೇವು, ಸೋಂಕು ಹೀಗೆ ಬೇರೆ ಕಾರಣಗಳೂ ಇರುತ್ತವೆ. ಹಿಂದಿನ ಮೆಟ್ಟಿಲಿಗೆ ಬಂದರೂ ಕಡಿಮೆಯಾಗದಿದ್ದರೆ, ಅಥವಾ ಹಸು ಮೇವು ಬಿಟ್ಟರೆ, ವೈದ್ಯರಿಗೆ ತೋರಿಸಿ.

ಹಸು ಸಾಕದವರಿಗೂ ಒಂದು ಮಾತು

ಹಬ್ಬದ ದಿನ, ಅಮಾವಾಸ್ಯೆಗೆ, ಮದುವೆ ಮುಗಿದ ಮೇಲೆ ಉಳಿದ ಅನ್ನ, ಪಾಯಸ, ಹೋಳಿಗೆಯನ್ನು ಹಸುವಿಗೆ ಹಾಕುವುದು ನಮ್ಮಲ್ಲಿ ಪುಣ್ಯದ ಕೆಲಸ. ಒಂದು ಮನೆಯ ಒಂದು ತುತ್ತು ಹಸುವಿಗೆ ಏನೂ ಮಾಡುವುದಿಲ್ಲ. ಆದರೆ ಬೀದಿಯ ಹತ್ತಾರು ಮನೆಯವರು ಒಂದೇ ಬೆಳಗ್ಗೆ ಅದೇ ಹಸುವಿಗೆ ತಟ್ಟೆ ತಟ್ಟೆ ಅನ್ನ ಹಾಕಿದಾಗ, ಅಥವಾ ಛತ್ರದ ಹಿಂದೆ ಅನ್ನದ ರಾಶಿ ಸುರಿದಾಗ, ನಡೆಯುವುದು ಮೇಲೆ ಹೇಳಿದ ಭಾನುವಾರದ ಕಥೆಯೇ. ಮರುದಿನ ಆ ಹಸು ಎಲ್ಲಿ ಮಲಗಿತು ಎಂಬುದು ತಿನ್ನಿಸಿದವರಿಗೆ ಗೊತ್ತಾಗುವುದೂ ಇಲ್ಲ. ಕೊಡಲೇಬೇಕೆಂದರೆ ಒಂದು ಹಿಡಿ ಹಸಿ ಹುಲ್ಲು ಕೊಡಿ, ನೈವೇದ್ಯ ಒಂದು ತುತ್ತಿಗೆ ನಿಲ್ಲಲಿ.

ಮೂರು ದಿನದಲ್ಲಿ ಹಾಲು ಹೆಚ್ಚಿಸುವ ಸಂದೇಶ ಮತ್ತೆ ನಿಮ್ಮ ಗುಂಪಿಗೆ ಬಂದರೆ, ಕಳಿಸಿದವರನ್ನು ಮೂರು ಪ್ರಶ್ನೆ ಕೇಳಿ: ಎಷ್ಟು ಕಿಲೋ? ಎಷ್ಟು ದಿನದಲ್ಲಿ? ಜೊತೆಗೆ ಹುಲ್ಲು ಎಷ್ಟು? ಉತ್ತರ ಬರದಿದ್ದರೆ ಆ ಸಂದೇಶವನ್ನು ನಿಮ್ಮಲ್ಲೇ ನಿಲ್ಲಿಸಿ.